ಕೈ ಎತ್ತಿದಾಗ ಏಳುವ ಅಂಗಿ

ಕಳೆದ ದೀಪಾವಳಿಗೆ ಮಗಳು ಎರಡು ದಿನಗಳ ರಜೆಯ ಮೇಲೆ ಸೊಲ್ಲಾಪುರಕ್ಕೆ ಬಂದಿದ್ದಳು. ಅವಳ ಚೀಲದೊಳಗಿನ ಒಗೆಯುವ ಬಟ್ಟೆಗಳನ್ನು ಹೊರತೆಗೆದ ನನ್ನ ಮಡದಿ, ಆಸ್ಪತ್ರೆಯ ಕೆಲಸಕ್ಕೆ ತೊಡುವ ಎರಡು ಜೊತೆ ಉಡುಪನ್ನು ನನ್ನ ಮುಂದೆ ತಂದಿಟ್ಟಳು. ಬಣ್ಣ ನಾನು ಹೊಲಿದುಕೊಟ್ಟದ್ದರದೇ, ಆದರೆ ಹೊಲಿಗೆ ನನ್ನದಲ್ಲ. ಅಂಗಡಿಯಲ್ಲಿ ಕೊಂಡದ್ದು. ನಾನು ಹೊಲಿದ ಎರಡು ಜೊತೆ ಚೀಲದ ತಳದಲ್ಲಿ ಮಡಿಕೆ ಮುರಿಯದೆ ಬಿದ್ದಿದ್ದವು. ಅವುಗಳಲ್ಲಿ ಒಂದರ ಸೊಂಟದ ಬಳಿ ಒಂದು ಸೇಫ್ಟಿ ಪಿನ್ನು ಇನ್ನೂ ಸಿಕ್ಕಿಕೊಂಡಿತ್ತು.

ಇಪ್ಪತ್ತಾರು ವರ್ಷಗಳಿಂದ ಶಾಲಾ ಸಮವಸ್ತ್ರದ ಕಾರ್ಖಾನೆಯೊಂದರಲ್ಲಿ ಕಟಿಂಗ್ ಮಾಸ್ತರನಾಗಿರುವವನು ನಾನು. ಈ ಊರಿನ ಸಮವಸ್ತ್ರ ದೂರದೂರದ ಶಾಲೆಗಳಿಗೆ ಹೋಗುತ್ತದೆ. ನಾನು ಕತ್ತರಿಸಿದ ಅಂಗಿಗಳನ್ನು ತೊಟ್ಟ ಮಕ್ಕಳನ್ನು ರೈಲಿನಲ್ಲಿ ಕಂಡು ಗುರುತು ಹಿಡಿದದ್ದೂ ಉಂಟು. ಹಾಗಿರುವಾಗ ನನ್ನ ಮಗಳೇ ನನ್ನ ಹೊಲಿಗೆಯನ್ನು ಮುಚ್ಚಿಟ್ಟು ಬೇರೆಯದನ್ನು ಕೊಂಡದ್ದು ನನಗೆ ನೋವನ್ನುಂಟುಮಾಡಿತೆಂದರೆ ಓದುಗರು ಅರ್ಥ ಮಾಡಿಕೊಳ್ಳಬಹುದು. ಆ ಸಂಜೆ ಕೇಳಿದೆ. ಅವಳು ತಲೆ ತಗ್ಗಿಸಿ ಹೇಳಿದಳು: “ಅಪ್ಪಾ, ಸಲಾಯಿನ್ ಬಾಟಲಿ ಹಚ್ಚಲಿಕ್ಕೆ ಕೈ ಎತ್ತಿದ್ರ ಅಂಗಿ ಪೂರಾ ಮ್ಯಾಲ ಬರ್ತದ. ಪೇಶಂಟ್ ಮುಂದ ನಾಚಿಕಿ ಆಗ್ತದ. ಅದಕ್ಕ ಪಿನ್ ಹಚ್ಚತಿದ್ದೆ. ರಾತ್ರಿಪಾಳಿ ಮುಗಿಯೋದ್ರಾಗ ಭುಜಾ ಎರಡೂ ಹಿಡದಂಗ ಆಗ್ತಿದ್ವು.”

ನಿಜ ಹೇಳಬೇಕೆಂದರೆ ಈ ದೂರು ನನಗೆ ಹೊಸದಾಗಿರಲಿಲ್ಲ. ಮೊದಲನೆಯ ಜೊತೆಯನ್ನು ತೊಟ್ಟ ವಾರದಲ್ಲಿಯೇ ಅವಳು ಫೋನಿನಲ್ಲಿ ‘ಬಿಗಿಯಾಗುತ್ತದೆ’ ಎಂದಿದ್ದಳು. ಬಿಗಿಯಾದರೆ ದೊಡ್ಡದು ಮಾಡಬೇಕು ಎಂಬುದು ಯಾರಿಗಾದರೂ ತೋಚುವ ಮಾತು. ಎರಡನೆಯ ಜೊತೆಯನ್ನು ಎರಡು ಸೈಜು ದೊಡ್ಡದಾಗಿ ಕತ್ತರಿಸಿ ಕಳುಹಿಸಿದೆ. ಪಿನ್ನು ಸಿಕ್ಕಿಕೊಂಡಿದ್ದುದು ಆ ದೊಡ್ಡ ಅಂಗಿಯಲ್ಲಿಯೇ.

ಮರುದಿನ ಬೆಳಿಗ್ಗೆ ಅವಳನ್ನು ಕನ್ನಡಿಯ ಮುಂದೆ ನಿಲ್ಲಿಸಿ ಎರಡನ್ನೂ ಒಂದೊಂದಾಗಿ ತೊಡಿಸಿದೆ. ಕೈಗಳನ್ನು ತಲೆಯ ಮೇಲಕ್ಕೆ ಎತ್ತಲು ಹೇಳಿ, ಅಂಗಿಯ ಕೆಳಅಂಚು ಎಷ್ಟು ಮೇಲೇರುತ್ತದೆಂದು ಟೇಪು ಹಿಡಿದು ಅಳೆದೆ. ಮೊದಲನೆಯದು 4 ಇಂಚು ಏರಿತು. ದೊಡ್ಡದು 5 ಇಂಚಿಗೂ ಮಿಕ್ಕಿ ಏರಿತು. ಅಂಗಿ ದೊಡ್ಡದಾದಷ್ಟೂ ಕೈಯ ಚಲನೆ ಕಷ್ಟವಾಗಿತ್ತು. ಇಷ್ಟು ವರ್ಷ ಕತ್ತರಿ ಹಿಡಿದ ನಾನು ಇದನ್ನು ಒಮ್ಮೆಯೂ ಅಳೆದು ನೋಡಿರಲಿಲ್ಲ. ಕಾರಣ ಸರಳ. ಶಾಲೆಯ ಮಗು ಬೆಂಚಿನ ಮೇಲೆ ಕುಳಿತು ಬರೆಯುತ್ತದೆ, ಪ್ರಾರ್ಥನೆಯಲ್ಲಿ ಕೈ ಕೆಳಗಿಟ್ಟು ನೆಟ್ಟಗೆ ನಿಲ್ಲುತ್ತದೆ, ಅಂಗಿಯನ್ನು ಚಡ್ಡಿಯೊಳಗೆ ಸಿಕ್ಕಿಸಿಕೊಂಡಿರುತ್ತದೆ. ನಮ್ಮ ನಮೂನೆಗಳೆಲ್ಲ ಕೈ ಕೆಳಗಿಟ್ಟು ನಿಂತ ದೇಹಕ್ಕಾಗಿ ಮಾಡಿದವು. ದಾದಿಯೊಬ್ಬಳು ಎಂಟು, ಹನ್ನೆರಡು ತಾಸು ಕೈ ಕೆಳಗಿಟ್ಟು ನಿಲ್ಲುವುದೇ ಇಲ್ಲ. ಬಾಟಲಿ ತೂಗುಹಾಕುತ್ತಾಳೆ, ಹಾಸಿಗೆಯ ಮೇಲೆ ಬಾಗಿ ರೋಗಿಯನ್ನು ಮಗ್ಗುಲು ಹೊರಳಿಸುತ್ತಾಳೆ, ಎರಡೂ ಕೈ ಮುಂದೆ ಚಾಚಿ ಹೊದಿಕೆ ಬಿಗಿಯುತ್ತಾಳೆ.

ಅಂಗಿ ಏಕೆ ಏಳುತ್ತದೆಂಬುದನ್ನು ತಿಳಿಯಲು ಕಂಕುಳಿನ ಕಡೆ ನೋಡಬೇಕು. ತೋಳನ್ನು ಜೋಡಿಸಲು ಅಂಗಿಯ ಮೈಯಲ್ಲಿ ಕತ್ತರಿಸುವ ದುಂಡನೆಯ ಬಾಯಿಗೆ ನಮ್ಮ ಕಡೆ ಮರಾಠಿಯ ಹೆಸರನ್ನೇ ಹಿಡಿದು ಮುಂಢಾ ಎನ್ನುತ್ತೇವೆ. ಈಗ ಅಂಗಿಯ ಪಕ್ಕದ ಹೊಲಿಗೆಯ ಮೇಲೆ ಬೆರಳಿಟ್ಟು ಕೆಳಅಂಚಿನಿಂದ ಮುಂಢಾದ ತಳದವರೆಗೆ ಏರಿ, ಅಲ್ಲಿಂದ ತೋಳಿನ ಒಳಹೊಲಿಗೆಯ ಗುಂಟ ತೋಳಿನ ಅಂಚಿನವರೆಗೆ ಸಾಗಿರಿ. ಕೈ ಎತ್ತಿದಾಗ ದೇಹದ ಈ ಪಕ್ಕವೇ ಹಿಗ್ಗುತ್ತದೆ. ಸೊಂಟದಿಂದ ಮೊಳಕೈವರೆಗಿನ ಚರ್ಮ ಒಂದೇ ಉದ್ದನೆಯ ಗೆರೆಯಾಗುತ್ತದೆ. ಬಟ್ಟೆಯ ದಾರಿ ಆ ಗೆರೆಗಿಂತ ಗಿಡ್ಡವಾಗಿದ್ದರೆ ಕೊರತೆಯನ್ನು ಎಲ್ಲಿಂದಲಾದರೂ ತುಂಬಿಕೊಳ್ಳಲೇಬೇಕು. ಕೆಳಅಂಚು ಸಡಿಲವಾಗಿರುವುದರಿಂದ ಅದೇ ಮೇಲಕ್ಕೆ ಬರುತ್ತದೆ. ಅದನ್ನು ಪಿನ್ನಿನಿಂದ ಪ್ಯಾಂಟಿಗೆ ಬಿಗಿದರೆ ಕೊರತೆ ಭುಜದ ಮೇಲೆ ಬೀಳುತ್ತದೆ. ಪ್ರತಿ ಸಲ ಕೈ ಎತ್ತಿದಾಗಲೂ ಬಟ್ಟೆಯ ಎಳೆತವನ್ನು ಭುಜದ ಸ್ನಾಯು ಹೊರಬೇಕಾಗುತ್ತದೆ. ಮಗಳ ಭುಜ ಹಿಡಿದುಕೊಳ್ಳುತ್ತಿದ್ದುದಕ್ಕೆ ಪಾಳಿಯ ದಣಿವೂ ಕಾರಣವಿರಬಹುದು. ಆದರೆ ಆ ದಣಿವಿಗೆ ನನ್ನ ಅಂಗಿಯೂ ತನ್ನ ಪಾಲನ್ನು ಸೇರಿಸುತ್ತಿತ್ತು.

ಈ ದಾರಿಯನ್ನು ಗಿಡ್ಡ ಮಾಡುವವು ಎರಡು. ಒಂದು, ಮುಂಢಾ ಕಂಕುಳಿಗಿಂತ ಬಹಳ ಕೆಳಗಿಳಿದಿರುವುದು. ಇನ್ನೊಂದು, ತೋಳಿನ ತುಂಡಿನ ಮೇಲ್ಭಾಗದಲ್ಲಿ ಗುಡ್ಡದಂತೆ ಏಳುವ ಬಾಗು. ಕಾರ್ಖಾನೆಯಲ್ಲಿ ಅದನ್ನು ಕ್ಯಾಪ್ ಎನ್ನುತ್ತೇವೆ. ಗುಡ್ಡ ಎತ್ತರವಾದಷ್ಟೂ ತೋಳು ಕೆಳಮುಖವಾಗಿ ಅಂದವಾಗಿ ಇಳಿಯುತ್ತದೆ, ಕಂಕುಳಲ್ಲಿ ಸುಕ್ಕು ಕಾಣುವುದಿಲ್ಲ. ಆದರೆ ತೋಳಿನ ಒಟ್ಟು ಉದ್ದದಲ್ಲಿ ಗುಡ್ಡವೇ ಹೆಚ್ಚು ಪಾಲನ್ನು ತಿಂದುಬಿಟ್ಟರೆ ಒಳಹೊಲಿಗೆಗೆ ಉಳಿಯುವುದು ಅಲ್ಪ.

ನನ್ನ ಲೆಕ್ಕವನ್ನೇ ಮುಂದಿಡುತ್ತೇನೆ. ಮಗಳ ಎದೆಯ ಸುತ್ತಳತೆ 36 ಇಂಚು. ಮೊದಲನೆಯ ಅಂಗಿಯ ಮುಂಢಾ ಸುತ್ತು 20 ಇಂಚು, ಅದರ ತಳ ಕಂಕುಳಿನಿಂದ 1¾ ಇಂಚು ಕೆಳಗೆ. ತೋಳಿನ ಉದ್ದ 9½ ಇಂಚು, ಕ್ಯಾಪ್ 6¼. ಹಾಗಾದರೆ ಒಳಹೊಲಿಗೆ ಕೇವಲ 3¼ ಇಂಚು. ಎರಡನೆಯದರಲ್ಲಿ ಎದೆಯನ್ನು ಹೆಚ್ಚಿಸಿದಂತೆ ಮುಂಢಾ 22ಕ್ಕೆ ಏರಿತ್ತು, ತಳ ಕಂಕುಳಿನಿಂದ 2¾ ಇಂಚು ಕೆಳಗಿಳಿದಿತ್ತು, ಕ್ಯಾಪ್ 6¾ ಆಗಿತ್ತು. ಎಂದರೆ ದೊಡ್ಡದು ಮಾಡುತ್ತೇನೆಂದು ಹೊರಟವನು ಅಗಲವನ್ನು ಕೊಟ್ಟು ಬೇಕಾದ ಉದ್ದದಲ್ಲಿ ಒಂದೂವರೆ ಇಂಚನ್ನು ಕಸಿದುಕೊಂಡಿದ್ದೆ. ಅಷ್ಟೇ ಅಲ್ಲ, ಭುಜದ ಅಗಲವೂ 17 ಇಂಚಿಗೆ ಹೋಗಿತ್ತು. ಅವಳ ಭುಜ 14½. ಹೊಲಿಗೆ ಭುಜದೆಲುಬನ್ನು ದಾಟಿ ಒಂದೂಕಾಲು ಇಂಚು ತೋಳಿನ ಮೇಲೆ ಜಾರಿ ಕುಳಿತಿತ್ತು. ಅಲ್ಲಿ ಕುಳಿತ ದಪ್ಪ ಹೊಲಿಗೆ, ಕೈ ಎತ್ತುವಾಗಲೆಲ್ಲ ತೋಳಿಗೆ ಅಡ್ಡ ಕಟ್ಟಿದ ಪಟ್ಟಿಯಂತೆ ಒತ್ತುತ್ತದೆ.

ಮೂರನೆಯ ನಮೂನೆಯನ್ನು ಹೊಸ ಕಾಗದದ ಮೇಲೆ ಬರೆದೆ. ಭುಜ 15 ಇಂಚು. ಮುಂಢಾ ಸುತ್ತನ್ನು 18½ಕ್ಕೆ ಇಳಿಸಿ ಅದರ ತಳವನ್ನು ಕಂಕುಳಿನಿಂದ ಒಂದೇ ಇಂಚು ಕೆಳಗೆ ತಂದೆ. ಕ್ಯಾಪನ್ನು 4 ಇಂಚಿಗೆ ತಗ್ಗಿಸಿದೆ. ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಮುಂಢಾ ಅಷ್ಟೇ ಇದ್ದು ಗುಡ್ಡ ತಗ್ಗಿದರೆ ತೋಳು ಅಗಲವಾಗಲೇಬೇಕು, ಏಕೆಂದರೆ ಬಾಗಿನ ಉದ್ದ ಮುಂಢಾಕ್ಕೆ ಹೊಂದಬೇಕಲ್ಲ. ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜವೇ ಇದು. ಮುಂಢಾದ ಅರ್ಧ ಕರ್ಣ, ಕ್ಯಾಪ್ ಒಂದು ಬಾಹು, ತೋಳಿನ ಅರ್ಧ ಅಗಲ ಇನ್ನೊಂದು ಬಾಹು. ಬಾಗನ್ನು ಬಿಟ್ಟು ಸರಳರೇಖೆಯೆಂದು ಹಿಡಿದರೆ ಮೊದಲನೆಯ ತೋಳಿನ ಸುತ್ತು ಸುಮಾರು 15½ ಇಂಚು, ಮೂರನೆಯದು ಸುಮಾರು 16¾. ಮುಂಢಾ ಚಿಕ್ಕದಾದರೂ ತೋಳು ಅಗಲವಾಯಿತು. ಒಳಹೊಲಿಗೆ 3¼ ಇಂಚಿನಿಂದ 5½ಕ್ಕೆ ಬೆಳೆಯಿತು. ಮುಂಢಾದ ತಳ ಮೇಲೇರಿದ ಮುಕ್ಕಾಲು ಇಂಚನ್ನು ಕೂಡಿಸಿದರೆ ಪಕ್ಕದ ದಾರಿಗೆ ಒಟ್ಟು 3 ಇಂಚು ದೊರೆಯಿತು. ಎದೆಯ ಸುತ್ತನ್ನು ಮಾತ್ರ ಮೊದಲಿನದಕ್ಕಿಂತ ಒಂದು ಇಂಚು ಕಡಿಮೆಯೇ ಮಾಡಿದ್ದೆ.

ಕೈ ಎತ್ತುವುದು ಹೀಗಾಯಿತು. ಕೈ ಚಾಚುವುದು ಬೇರೆಯೇ ಲೆಕ್ಕ, ಅದು ಬೆನ್ನಿನದು. ಎರಡು ಕಂಕುಳುಗಳ ನಡುವೆ ಬೆನ್ನಿನ ಅಗಲವನ್ನು ಕೈ ಕೆಳಗಿಟ್ಟಾಗ ಅಳೆದೆ, 13½ ಇಂಚು. ಬಳಿಕ ತನ್ನನ್ನು ತಾನೇ ಅಪ್ಪಿಕೊಂಡಂತೆ ಕೈಗಳನ್ನು ಮುಂದೆ ಕಟ್ಟಿಕೊಳ್ಳಲು ಹೇಳಿ ಅಳೆದೆ, 15¼. ಆ ಒಂದೂಮುಕ್ಕಾಲು ಇಂಚು ಬಟ್ಟೆಯಲ್ಲಿ ಎಲ್ಲಿಯಾದರೂ ಇರಬೇಕು. ಬೆನ್ನನ್ನು ಪೂರ್ತಿ ಅಗಲ ಮಾಡಿದರೆ ಮತ್ತೆ ಭುಜ ಜಾರುತ್ತದೆ. ಆದುದರಿಂದ ಭುಜದ ಪಟ್ಟಿಯ ಕೆಳಗೆ, ಮುಂಢಾದ ಸಮೀಪ ಎರಡೂ ಬದಿಗೆ ಒಂದೊಂದು ನೆರಿಗೆ ಇಟ್ಟೆ. ಬೆನ್ನಿನ ನಡುವೆ ಒಂದೇ ನೆರಿಗೆ ಇಡುವ ರೂಢಿಯಿದೆ, ನೋಡಲು ಚೆಂದ. ಆದರೆ ಹಿಗ್ಗುವುದು ಭುಜದ ಹಲಗೆಯ ಬಳಿ, ನಡುಬೆನ್ನಿನಲ್ಲಲ್ಲ. ನೆರಿಗೆಯೂ ಅಲ್ಲಿಯೇ ಇದ್ದರೆ ಕೂಡಲೇ ಬಿಚ್ಚಿಕೊಳ್ಳುತ್ತದೆ.

ಹೊಸ ಅಂಗಿಯ ಅಂಚು ಕೈ ಎತ್ತಿದಾಗ ಒಂದೂವರೆ ಇಂಚು ಏರಿತು. ಅಷ್ಟು ಏರಿಯೇ ತೀರುತ್ತದೆ. ಹೆಣೆದ ಬನಿಯನ್ನಿನ ಬಟ್ಟೆಯಲ್ಲದೆ ನೇಯ್ದ ಬಟ್ಟೆಯಲ್ಲಿ ಅದನ್ನು ಪೂರ್ತಿ ನಿಲ್ಲಿಸಲಾಗದು. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು. ಕೈ ಕೆಳಗಿಟ್ಟಾಗ ಕಂಕುಳಿನ ಬಳಿ ಎರಡು ಮಡಿಕೆ ಕಾಣುತ್ತವೆ. ಇಸ್ತ್ರಿ ಮಾಡಿದ ಹಲಗೆಯಂತೆ ಅಂಗಿ ಕೂರುವುದಿಲ್ಲ. ಕಾರ್ಖಾನೆಯಲ್ಲಿ ಇದನ್ನು ತೋರಿಸಿದಾಗ ನಮ್ಮ ಹಿರಿಯ ಮಾಸ್ತರರೊಬ್ಬರು ‘ಕಟಿಂಗ್ ಕೆಟ್ಟಿದೆ’ ಎಂದರು. ಇಪ್ಪತ್ತಾರು ವರ್ಷ ನಾನೂ ಹಾಗೆಯೇ ಅನ್ನುತ್ತಿದ್ದೆ. ‘ಕೈ ಎತ್ತಿ ನೋಡ್ರಿ ಮಾಸ್ತರ’ ಎಂದು ಅವರಿಗೇ ತೊಡಿಸಿದೆ. ಅವರು ಎತ್ತಿ ನೋಡಿದರು, ಏನೂ ಹೇಳಲಿಲ್ಲ, ತೆಗೆದು ಕೈಗೆ ಕೊಟ್ಟರು.

ಆಗಲೇ ಹೊಲಿದಿದ್ದ ಎರಡು ಜೊತೆಗಳನ್ನು ಏನು ಮಾಡುವುದು? ಕತ್ತರಿಸಿ ತೆಗೆದ ಮುಂಢಾದ ಬಟ್ಟೆಯನ್ನು ಮರಳಿ ತರಲಾಗದು. ನನ್ನ ಅಜ್ಜ ತೊಡುತ್ತಿದ್ದ ಹಳೆಯ ಅಂಗಿ ಆಗ ನೆನಪಾಯಿತು. ಅದರ ತೋಳು ನೇರವಾದ ಒಂದು ಪಟ್ಟಿ, ಗುಡ್ಡವೇ ಇಲ್ಲ. ಕಂಕುಳಲ್ಲಿ ಮಾತ್ರ ಒಂದು ಚೌಕ ತುಂಡು. ಆ ಅಂಗಿ ತೊಟ್ಟು ಅವನು ಹೊಲದಲ್ಲಿ ಕೈ ಎತ್ತಿ ಕಣಿಕೆ ಒಟ್ಟುತ್ತಿದ್ದ. ಮೊದಲನೆಯ ಅಂಗಿಯ ಪಕ್ಕದ ಹೊಲಿಗೆಯನ್ನೂ ತೋಳಿನ ಒಳಹೊಲಿಗೆಯನ್ನೂ ಮುಂಢಾದ ತಳದಿಂದ ಎರಡೂವರೆ ಇಂಚಿನಷ್ಟು ಬಿಚ್ಚಿ, ಅಲ್ಲಿ ಉಳಿಕೆ ಬಟ್ಟೆಯ ಒಂದು ಚೌಕವನ್ನು ಮೂಲೆ ಮೇಲಾಗಿ ಕೂರಿಸಿದೆ. ಅಂಚು ಏರುವುದು 4 ಇಂಚಿನಿಂದ ಎರಡಕ್ಕೆ ಇಳಿಯಿತು. ಚೌಕದ ಮೂಲೆಗಳೇ ಇದರ ದುರ್ಬಲ ಜಾಗ. ಅಲ್ಲಿ ಒಳಗಿನಿಂದ ಒಂದು ಚೂರು ಗಟ್ಟಿ ಬಟ್ಟೆಯನ್ನಿಟ್ಟು ಎರಡು ಸಲ ಹೊಲಿಯದಿದ್ದರೆ ತಿಂಗಳೊಪ್ಪತ್ತಿನಲ್ಲಿ ಹರಿಯುತ್ತದೆ. ದೊಡ್ಡ ಅಂಗಿಯನ್ನು ಮಾತ್ರ ಉಳಿಸಲಾಗಲಿಲ್ಲ. ಭುಜ ಜಾರಿದ ಅಂಗಿಗೆ ಕಂಕುಳಿನ ಮದ್ದು ನಾಟುವುದಿಲ್ಲ. ಅದೀಗ ಮನೆಯಲ್ಲಿ ಹೊಲಿಗೆಯಂತ್ರದ ಹೊದಿಕೆಯಾಗಿದೆ.

ತೋಳಿನ ಉದ್ದದ ಪಾಠವನ್ನು ನನಗೆ ಕಲಿಸಿದವನು ತಂಗಿಯ ಮಗ. ಅಕ್ಕಲಕೋಟೆಯ ಕಡೆಯ ಕನ್ನಡ ಶಾಲೆಯಲ್ಲಿ ಓದಿ ಈಗ ರಕ್ತ ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಾನೆ. ದಾದಿಯರ ಅಂಗಿಗೂ ಪ್ರಯೋಗಾಲಯದ ಬಿಳಿ ಕೋಟಿಗೂ ತೋಳಿನ ನಿಯಮ ಒಂದಕ್ಕೊಂದು ವಿರುದ್ಧ. ವಾರ್ಡಿನಲ್ಲಿ ಮೊಳಕೈಯಿಂದ ಕೆಳಗೆ ಬಟ್ಟೆ ಇರಬಾರದು. ತೋಳಿನ ಅಂಚು ಒಬ್ಬ ರೋಗಿಯನ್ನು ಸೋಂಕಿ ಇನ್ನೊಬ್ಬನನ್ನು ಸೋಂಕಬಹುದು, ಕೈಯನ್ನು ಮಣಿಕಟ್ಟಿನವರೆಗೆ ತೊಳೆಯಲೂ ಅದು ಅಡ್ಡಿ. ಇಂಗ್ಲೆಂಡಿನ ಆರೋಗ್ಯ ಇಲಾಖೆ 2007ರಲ್ಲಿ ಇದನ್ನು ನಿಯಮವಾಗಿಯೇ ಹೇಳಿ, ಅಲ್ಲಿಯ ವಾರ್ಡುಗಳಲ್ಲಿ ಉದ್ದ ತೋಳಿನ ಬಿಳಿ ಕೋಟಿಗೆ ಬಹುಮಟ್ಟಿಗೆ ಮುಕ್ತಾಯ ಹಾಡಿತು. ಆದರೆ ಪ್ರಯೋಗಾಲಯದಲ್ಲಿ ಸಿಡಿಯುವ ರಕ್ತದಿಂದಲೂ ಆಮ್ಲದಿಂದಲೂ ಕೈಯನ್ನು ಕಾಯಬೇಕಾದುದು ಆ ತೋಳೇ. ನಮ್ಮ ಕಡೆ ಏಪ್ರನ್ ಎಂದು ಕರೆಯುವ ಆ ಕೋಟಿನ ತೋಳು ಕೈಗವಸಿನ ಒಳಗೆ ಸೇರುವಷ್ಟು ಉದ್ದವಿರಬೇಕು.

ಅವನ ದೂರು ಇದು: ಮುಂದೆ ಕೈ ಚಾಚಿ ಯಂತ್ರದಲ್ಲಿ ನಳಿಗೆಗಳನ್ನಿಡುವಾಗ ತೋಳು ಹಿಂದಕ್ಕೆ ಸರಿದು, ಕೈಗವಸಿಗೂ ಅಂಚಿಗೂ ನಡುವೆ ಎರಡು ಬೆರಳಿನಷ್ಟು ಚರ್ಮ ಬಯಲಾಗುತ್ತದೆ. ಕೋಟನ್ನು ಒಂದು ಇಂಚು ಉದ್ದ ಮಾಡಿಕೊಟ್ಟೆ. ಕೈ ಇಳಿಬಿಟ್ಟಾಗ ಅದು ಹೆಬ್ಬೆರಳಿನ ಬುಡ ಮುಚ್ಚಿ ನಳಿಗೆಗಳ ಸ್ಟ್ಯಾಂಡಿಗೆ ಸಿಕ್ಕಿಕೊಳ್ಳತೊಡಗಿತು. ಚಾಚಿದಾಗ ಬಯಲಾಗುವುದಂತೂ ತಪ್ಪಲಿಲ್ಲ. ಮಗಳ ಅಂಗಿಯ ಸಂಗತಿ ತಿಳಿದ ಮೇಲೆ ಇದರ ಗುಟ್ಟೂ ತಿಳಿಯಿತು. ತೋಳನ್ನು ಹಿಂದಕ್ಕೆ ಎಳೆಯುತ್ತಿದ್ದುದು ಅದೇ ಕೆಳಗಿಳಿದ ಮುಂಢಾ, ಅದೇ ಬಿಗಿಯಾದ ಬೆನ್ನು. ಅಂಚಿಗೆ ಬಟ್ಟೆ ಸೇರಿಸಿದ್ದು ವ್ಯರ್ಥ. ಹೊಸ ಕೋಟಿನಲ್ಲಿ ಮುಂಢಾವನ್ನು ಮೇಲೇರಿಸಿ, ಒಳಗೊಂದು ಶರ್ಟು ಇರುವುದೆಂದು ಲೆಕ್ಕ ಹಿಡಿದು ಕಂಕುಳಿಗೆ ಒಂದೂವರೆ ಇಂಚಿನ ಅಂತರ ಬಿಟ್ಟೆ, ಬೆನ್ನಿಗೆ ಅವೇ ಎರಡು ನೆರಿಗೆ. ಅಂಚಿಗೆ ಹೆಣೆದ ರಿಬ್ಬಿನ ಪಟ್ಟಿ ಹಾಕಿದೆ, ಮಣಿಕಟ್ಟನ್ನು ಮೆಲ್ಲಗೆ ಹಿಡಿದುಕೊಂಡು ಕೈಗವಸಿನೊಳಗೆ ಸೇರುತ್ತದೆ.

ತೋಳಿನ ಅಳತೆ ತೆಗೆಯುವ ಕ್ರಮವೂ ಬದಲಾಯಿತು. ಕೈ ನೇರ ಬಿಟ್ಟಾಗ ಭುಜದೆಲುಬಿನಿಂದ ಮಣಿಕಟ್ಟಿನ ಎಲುಬಿಗೆ ಅವನದು 23 ಇಂಚು. ಮೊಳಕೈ ಮಡಚಿಸಿ, ಟೇಪನ್ನು ಮೊಳಕೈಯ ಹೊರಮೂಲೆಯ ಮೇಲಿನಿಂದ ತಂದಾಗ 24. ಕೆಲಸ ಮಾಡುವ ಕೈ ಮಡಚಿದ ಕೈಯೇ ಆದುದರಿಂದ 24ನ್ನು ಹಿಡಿಯಬೇಕು. ಇನ್ನು ಬಟ್ಟೆ ಕುಗ್ಗುವ ಲೆಕ್ಕ. ಆಸ್ಪತ್ರೆಯ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯುತ್ತಾರೆ, ಹತ್ತಿ ಅದರಲ್ಲಿ ಉದ್ದಕ್ಕೇ ಹೆಚ್ಚು ಕುಗ್ಗುತ್ತದೆ. ಕತ್ತರಿಸುವ ಮೊದಲು ಬಟ್ಟೆಯ ಮೇಲೆ 20 ಇಂಚಿನ ಚೌಕವನ್ನು ಮಾಸದ ಶಾಯಿಯಿಂದ ಗುರುತಿಸಿ, ಬಿಸಿನೀರಿನಲ್ಲಿ ಮೂರು ಸಲ ಒಗೆದು ಒಣಗಿಸಿ ಅಳೆದೆ. ಉದ್ದ 19ಕ್ಕೆ ಬಂದಿತ್ತು, ಎಂದರೆ ನೂರಕ್ಕೆ ಐದು. ಹಾಗಾದರೆ ಒಗೆದ ಮೇಲೆ 24 ಉಳಿಯಬೇಕಾದರೆ ಮೊದಲು 25¼ ಕತ್ತರಿಸಬೇಕು. ಅಂಗಡಿಯಲ್ಲಿ ಹೊಸ ಕೋಟು ತೊಟ್ಟಾಗ ಮಣಿಕಟ್ಟಿಗೆ ಸರಿಯಾಗಿ ನಿಂತ ಹತ್ತಿಯ ತೋಳು, ಮೂರನೆಯ ಒಗೆತದ ಬಳಿಕ ಗಿಡ್ಡವಾಗಿರುತ್ತದೆ. ಪಾಲಿಯೆಸ್ಟರ್ ಬೆರೆತ ಬಟ್ಟೆಯಲ್ಲಿ ಕುಗ್ಗುವಿಕೆ ಕಡಿಮೆ, ಆದರೆ ಉದ್ದ ಪಾಳಿಯಲ್ಲಿ ಸೆಕೆ ಹೆಚ್ಚು.

ಮಕ್ಕಳನ್ನು ನರ್ಸಿಂಗಿಗೋ ಪ್ರಯೋಗಾಲಯದ ಕೋರ್ಸಿಗೋ ಕಳುಹಿಸುವ ನಮ್ಮ ಮನೆಗಳ ತಾಯಿತಂದೆಯರಿಗೆ ಒಂದು ಮಾತು. ಶಾಲೆಯ ಸಮವಸ್ತ್ರವನ್ನು ‘ಬೆಳೆಯುವ ಹುಡುಗ, ಎರಡು ವರ್ಷ ಬರಲಿ’ ಎಂದು ದೊಡ್ಡದಾಗಿಯೇ ಕೊಳ್ಳುವುದು ನಮಗೆ ರೂಢಿ. ಅದೇ ಕೈ ಕಾಲೇಜಿನ ಬಿಳಿ ಕೋಟನ್ನೂ ಎರಡು ಸೈಜು ದೊಡ್ಡದನ್ನೇ ಆರಿಸುತ್ತದೆ. ಹದಿನೆಂಟರ ಹುಡುಗಿಯ ಭುಜ ಇನ್ನು ಬೆಳೆಯುವುದಿಲ್ಲ. ಅಂಗಡಿಯಲ್ಲಿ ತೊಡಿಸಿ, ಭುಜದ ಹೊಲಿಗೆ ಎಲುಬಿನ ಮೇಲೆ ಕುಳಿತಿದೆಯೇ ನೋಡಿರಿ. ಕೈಗಳನ್ನು ತಲೆಯ ಮೇಲೆ ಎತ್ತಿಸಿರಿ, ತನ್ನನ್ನು ತಾನು ಅಪ್ಪಿಕೊಳ್ಳಲು ಹೇಳಿರಿ, ಕೋಟಾದರೆ ಮೊಳಕೈ ಮಡಚಿಸಿ ಮಣಿಕಟ್ಟನ್ನು ನೋಡಿರಿ. ಅಂಗಡಿಯವನು ನಗಬಹುದು, ನಗಲಿ. ಎದೆಯಲ್ಲಿ ಮಾತ್ರ ಬಿಗಿಯಿದ್ದರೆ ಒಂದು ಸೈಜು ಮೇಲೆ ಹೋಗಬಹುದು. ಕೈ ಎತ್ತಿದಾಗ ಬಿಗಿಯಿದ್ದರೆ ಸೈಜನ್ನಲ್ಲ, ನಮೂನೆಯನ್ನೇ ಬದಲಾಯಿಸಿರಿ. ಬೇರೆ ತಯಾರಕರದನ್ನು ಕೇಳಿರಿ.

ಮಗಳು ಮೂರನೆಯ ಜೊತೆಯನ್ನು ತೆಗೆದುಕೊಂಡು ಹೋದಳು. ಎರಡು ವಾರ ಫೋನಿನಲ್ಲಿ ಅವಳು ಅದರ ಮಾತೆತ್ತಲಿಲ್ಲ, ನಾನೂ ಕೇಳಲಿಲ್ಲ. ಮೂರನೆಯ ವಾರ ಒಂದು ಚೀಟಿಯ ಚಿತ್ರ ಕಳುಹಿಸಿದಳು. ಅವಳ ಜೊತೆಗಿನ ಹುಡುಗಿಯೊಬ್ಬಳ ಅಳತೆ, ಕನ್ನಡದಲ್ಲಿ ಬರೆದದ್ದು: ಎದೆ 38, ಭುಜ 15, ಬೆನ್ನು 14, ಅಪ್ಪಿಕೊಂಡಾಗ 15¾. ಕಂಕುಳಿನಿಂದ ಒಂದೇ ಇಂಚು, ಎಂದು ಕೆಳಗೆ ಗೆರೆ ಎಳೆದಿದ್ದಳು. ಬಟ್ಟೆಯನ್ನು ನಿನ್ನೆ ಬಿಸಿನೀರಿನಲ್ಲಿ ನೆನೆಹಾಕಿದ್ದೇನೆ.